ಬೋರ್ಡಿನ ಮೇಲೆ ಡಾಕ್ಟರ್ ಹೆಸರು, ಷೇರು ಯಾರ ಕೈಯಲ್ಲಿ?

ಒಂದು ಖಾಸಗಿ ಆಸ್ಪತ್ರೆಯ ಮಾಲೀಕರು ಯಾರು ಅಂತ ಕೇಳಿದರೆ ಹೆಚ್ಚಿನವರು ಬೋರ್ಡಿನ ಮೇಲಿರುವ ಹೆಸರನ್ನೇ ಹೇಳುತ್ತಾರೆ. ಚಿಕ್ಕ ನರ್ಸಿಂಗ್ ಹೋಮ್ ಆಗಿದ್ದರೆ ಆ ಉತ್ತರ ಸರಿಯಿರಬಹುದು. ಹತ್ತಾರು ಶಾಖೆಗಳಿರುವ ಆಸ್ಪತ್ರೆಗಳಲ್ಲಿ, ರಕ್ತ ಪರೀಕ್ಷೆಯ ಲ್ಯಾಬ್ ಸರಣಿಗಳಲ್ಲಿ ಅದು ಎಷ್ಟೋ ಸಲ ತಪ್ಪಾಗುತ್ತದೆ. ಹೆಸರು ಶುರು ಮಾಡಿದ ಡಾಕ್ಟರದ್ದು, ಲೈಸೆನ್ಸ್ ಒಂದು ಟ್ರಸ್ಟಿನದ್ದು, ಕಟ್ಟಡ ಇನ್ನೊಬ್ಬರದ್ದು, ಒಳಗಿನ ಔಷಧಿ ಅಂಗಡಿ ಮತ್ತೊಬ್ಬರದ್ದು, ಷೇರುಗಳಲ್ಲಿ ದೊಡ್ಡ ಪಾಲು ಸಿಂಗಾಪುರದ ಯಾವುದೋ ಕಂಪನಿಯದ್ದು. ಹೀಗೂ ಇರಬಹುದು, ಮತ್ತು ಇದೆಲ್ಲ ಕಾನೂನುಬದ್ಧವೇ.

ಹಾಗಾಗಿ ಹುಡುಕಾಟ ಶುರು ಮಾಡುವ ಮೊದಲೇ ಪ್ರಶ್ನೆಯನ್ನು ಎರಡಾಗಿ ಒಡೆಯಬೇಕು. ಒಂದು, ನನಗೆ ಸೇವೆ ಕೊಟ್ಟು ದುಡ್ಡು ತೆಗೆದುಕೊಂಡವರು ಕಾನೂನಿನ ಕಣ್ಣಿನಲ್ಲಿ ಯಾರು? ಎರಡು, ಅವರನ್ನು ಯಾರು ಹಿಡಿತದಲ್ಲಿ ಇಟ್ಟುಕೊಂಡಿದ್ದಾರೆ? ಮೊದಲನೆಯದಕ್ಕೆ ಉತ್ತರ ನಿಮ್ಮ ಕೈಯಲ್ಲಿರುವ ಬಿಲ್ಲಿನಲ್ಲೇ ಇರುತ್ತದೆ. ಎರಡನೆಯದಕ್ಕೆ ಒಂದೊಂದೇ ಮೆಟ್ಟಿಲು ಹತ್ತಬೇಕು.

ಬಿಲ್ಲಿನಿಂದ ಶುರು ಮಾಡೋಣ. ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರನ್ನು ಬಿಟ್ಟುಬಿಡಿ. ಬಿಲ್ಲಿನ ಕೆಳಗೆ ಅಥವಾ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಹೆಸರು ಇರುತ್ತದೆ. ನಡೆಸುತ್ತಿರುವುದು ಕಂಪನಿಯಾಗಿದ್ದರೆ 2013ರ ಕಂಪನಿ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಅದು ತನ್ನ ಬಿಲ್ ಮತ್ತು ಪತ್ರಗಳ ಮೇಲೆ ಕಂಪನಿಯ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಮತ್ತು ಸಿಐಎನ್ ಎಂಬ ಗುರುತಿನ ಸಂಖ್ಯೆಯನ್ನು ಮುದ್ರಿಸಲೇಬೇಕು. ಸಿಐಎನ್ ಅಂದರೆ 21 ಅಕ್ಷರ ಮತ್ತು ಅಂಕಿಗಳ ಸಾಲು. ಅಪೋಲೊ ಆಸ್ಪತ್ರೆಗಳ ಮೂಲ ಕಂಪನಿಯದ್ದು ಹೀಗಿದೆ: L85110TN1979PLC008035. ಮೊದಲ L ಅಂದರೆ ಷೇರುಪೇಟೆಯಲ್ಲಿ ಪಟ್ಟಿಯಾಗಿದೆ ಅಂತ. ಪಟ್ಟಿಯಾಗದಿದ್ದರೆ ಅಲ್ಲಿ U ಇರುತ್ತದೆ. ನಂತರದ ಐದು ಅಂಕಿ ಉದ್ಯಮದ ಬಗೆ. TN ಅಂದರೆ ತಮಿಳುನಾಡಿನಲ್ಲಿ ನೋಂದಣಿ, 1979 ಅಂದರೆ ಹುಟ್ಟಿದ ವರ್ಷ, PLC ಅಂದರೆ ಪಬ್ಲಿಕ್ ಲಿಮಿಟೆಡ್. ಪ್ರೈವೇಟ್ ಲಿಮಿಟೆಡ್ ಆಗಿದ್ದರೆ PTC ಅಂತ ಬರುತ್ತದೆ.

ಸಿಐಎನ್ ಇಲ್ಲ, ಜಿಎಸ್‌ಟಿ ಸಂಖ್ಯೆ ಮಾತ್ರ ಇದೆ ಅಂದರೂ ತೊಂದರೆಯಿಲ್ಲ. 15 ಅಕ್ಷರಗಳ ಆ ಸಂಖ್ಯೆಯಲ್ಲಿ ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ನಂತರದ ಹತ್ತು ಅಕ್ಷರ ಅವರ ಪ್ಯಾನ್ ಸಂಖ್ಯೆ. ಪ್ಯಾನ್‌ನ ನಾಲ್ಕನೇ ಅಕ್ಷರ, ಅಂದರೆ ಜಿಎಸ್‌ಟಿ ಸಂಖ್ಯೆಯ ಆರನೇ ಅಕ್ಷರ, ಮಾಲೀಕತ್ವದ ಬಗೆ ಹೇಳುತ್ತದೆ. P ಇದ್ದರೆ ಒಬ್ಬ ವ್ಯಕ್ತಿ, F ಇದ್ದರೆ ಪಾಲುದಾರಿಕೆ ಸಂಸ್ಥೆ, C ಇದ್ದರೆ ಕಂಪನಿ, T ಇದ್ದರೆ ಟ್ರಸ್ಟ್. ಜಿಎಸ್‌ಟಿ ಜಾಲತಾಣದ Search Taxpayer ಪುಟದಲ್ಲಿ ಆ ಸಂಖ್ಯೆ ಹಾಕಿದರೆ ವ್ಯಾಪಾರದ ಹೆಸರಿನ ಜತೆಗೆ ಕಾನೂನುಬದ್ಧ ಹೆಸರು ಕೂಡ ಬರುತ್ತದೆ, ದುಡ್ಡು ಕಟ್ಟಬೇಕಿಲ್ಲ.

ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಚಿಕಿತ್ಸೆಗೆ ಸಾಮಾನ್ಯವಾಗಿ ಜಿಎಸ್‌ಟಿ ಇಲ್ಲ, ಹಾಗಾಗಿ ಆಸ್ಪತ್ರೆಯ ಬಿಲ್ಲಿನಲ್ಲಿ ಆ ಸಂಖ್ಯೆ ಕಾಣದಿರಬಹುದು. ಔಷಧಿ ಬಿಲ್ಲಿನಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಅದನ್ನೇ ಹಿಡಿದು ಹುಡುಕಿದರೆ ಸಿಗುವುದು ಔಷಧಿ ಅಂಗಡಿ ನಡೆಸುವವರ ಹೆಸರು. ಆಸ್ಪತ್ರೆಯ ಆವರಣದೊಳಗೇ ಇದ್ದರೂ ಆ ಅಂಗಡಿ ಬೇರೆ ಸಂಸ್ಥೆಯದ್ದಾಗಿರುವುದು ತೀರಾ ಸಾಮಾನ್ಯ. ಚಿಕಿತ್ಸೆಯ ಬಿಲ್, ಔಷಧಿಯ ಬಿಲ್, ಲ್ಯಾಬ್ ರಿಪೋರ್ಟ್ ಮೂರನ್ನೂ ಪಕ್ಕದಲ್ಲಿಟ್ಟು ಹೆಸರು ಹೋಲಿಸಿ. ಬೇರೆ ಬೇರೆ ಇದ್ದರೆ ಅವು ಬೇರೆ ಬೇರೆ ಸಂಸ್ಥೆಗಳೇ.

ಲ್ಯಾಬ್ ಸರಣಿಗಳಲ್ಲಿ ಇದಕ್ಕೆ ಇನ್ನೊಂದು ರೂಪ ಇದೆ. ಬೀದಿಯಲ್ಲಿ ಕಾಣುವ ಸ್ಯಾಂಪಲ್ ಸಂಗ್ರಹ ಕೇಂದ್ರಗಳಲ್ಲಿ ಎಷ್ಟೋ ಫ್ರಾಂಚೈಸಿಗಳು. ಬೋರ್ಡು ದೊಡ್ಡ ಕಂಪನಿಯದ್ದು, ನಡೆಸುವವರು ಸ್ಥಳೀಯರು. ರಸೀದಿ ಯಾರ ಹೆಸರಿನಲ್ಲಿ ಬಂತು, ರಿಪೋರ್ಟಿನಲ್ಲಿ ಪರೀಕ್ಷೆ ಮಾಡಿದ ಲ್ಯಾಬ್ ಯಾವುದು ಅಂತ ಬರೆದಿದೆ, ಈ ಎರಡನ್ನೂ ನೋಡಬೇಕು. ಸ್ಯಾಂಪಲ್ ಹಾಳಾಗಿದ್ದು ದಾರಿಯಲ್ಲೋ, ತಪ್ಪು ಬಂದಿದ್ದು ಲ್ಯಾಬ್‌ನಲ್ಲೋ ಅನ್ನುವುದರ ಮೇಲೆ ಹೊಣೆ ಹೊರುವವರೇ ಬದಲಾಗಬಹುದು.

ಬಿಲ್ಲಿನ ಹೆಸರನ್ನು ಗೋಡೆಯ ಮೇಲಿರುವ ಲೈಸೆನ್ಸ್ ಜತೆ ತಾಳೆ ನೋಡಿ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಎಲ್ಲರೂ ಕೆಪಿಎಂಇ ಅನ್ನುವ ಕಾನೂನು, ಪ್ರತಿ ಆಸ್ಪತ್ರೆ, ಕ್ಲಿನಿಕ್ ಮತ್ತು ಲ್ಯಾಬ್ ನೋಂದಣಿ ಮಾಡಿಸಬೇಕು ಅನ್ನುತ್ತದೆ. ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಸ್ಕ್ಯಾನಿಂಗ್ ಯಂತ್ರ ಇರುವ ಕಡೆ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ನೋಂದಣಿ ಪತ್ರವೂ ತೂಗಿರುತ್ತದೆ. ಈ ಪತ್ರಗಳಲ್ಲಿರುವ ಹೆಸರು ಬಿಲ್ಲಿನ ಹೆಸರಿಗೆ ಹೊಂದದಿದ್ದರೆ ಸುಮ್ನೆ ಬಿಡಬೇಡಿ. ಒಂದು ಸಂಸ್ಥೆಯ ಲೈಸೆನ್ಸಿನಲ್ಲಿ ಇನ್ನೊಂದು ಸಂಸ್ಥೆ ಆಡಳಿತ ನಡೆಸುತ್ತಿದೆ ಎನ್ನುವುದಕ್ಕೆ ಅದೇ ಮೊದಲ ಸುಳಿವು. ಉದಾಹರಣೆಗೆ ದೆಹಲಿಯಲ್ಲಿ ಮ್ಯಾಕ್ಸ್ ಹೆಸರಿನಲ್ಲಿ ನಡೆಯುವ ಕೆಲವು ಆಸ್ಪತ್ರೆಗಳು ಬೇರೆ ಸೊಸೈಟಿ, ಟ್ರಸ್ಟ್‌ಗಳಿಗೆ ಸೇರಿದವು. ಮ್ಯಾಕ್ಸ್ ಕಂಪನಿಯೇ ತನ್ನ ವಾರ್ಷಿಕ ವರದಿಯಲ್ಲಿ ಅವನ್ನು ಪಾಲುದಾರ ಆಸ್ಪತ್ರೆಗಳು ಅಂತ ಪ್ರತ್ಯೇಕವಾಗಿ ಹೇಳುತ್ತದೆ.

ಬಿಲ್ಲಿನ ಹಿಂದೆ ಇರುವುದು ಒಬ್ಬ ಡಾಕ್ಟರ್ ಆದರೆ ಹುಡುಕಾಟ ಅಲ್ಲಿಗೇ ಮುಗಿಯಿತು, ಅವರೇ ಮಾಲೀಕರು. ಪಾಲುದಾರಿಕೆ ಸಂಸ್ಥೆಯಾದರೆ ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಕಚೇರಿಯ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಆದರೆ ಪಾಲುದಾರಿಕೆಯ ನೋಂದಣಿ ಕಡ್ಡಾಯವಲ್ಲ, ಹಾಗಾಗಿ ಪುಸ್ತಕದಲ್ಲಿ ಹೆಸರೇ ಇಲ್ಲದಿರಬಹುದು. ಟ್ರಸ್ಟ್‌ಗೆ ಷೇರುದಾರರೇ ಇರುವುದಿಲ್ಲ. ಅಲ್ಲಿ ಯಾರು ಟ್ರಸ್ಟಿಗಳು, ಆಸ್ಪತ್ರೆ ನಡೆಸುವ ಗುತ್ತಿಗೆ ಯಾರಿಗೆ ಕೊಟ್ಟಿದ್ದಾರೆ ಅನ್ನುವುದೇ ಪ್ರಶ್ನೆ.

ಕಂಪನಿ ಅಂತ ಗೊತ್ತಾದಾಗ ನಿಜವಾದ ಕೆಲಸ ಶುರುವಾಗುತ್ತದೆ. ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣ mca.gov.in. ಅಲ್ಲಿ ಕಂಪನಿಯ ವಿಳಾಸ, ನಿರ್ದೇಶಕರ ಹೆಸರು, ಬಂಡವಾಳದ ಮೊತ್ತ, ಸಾಲಕ್ಕೆ ಅಡವಿಟ್ಟ ಆಸ್ತಿಯ ವಿವರ ಉಚಿತವಾಗಿ ಸಿಗುತ್ತದೆ. ಷೇರುದಾರರ ಹೆಸರು ಮಾತ್ರ ಅಲ್ಲಿ ಸಿಗುವುದಿಲ್ಲ. ನಿರ್ದೇಶಕರೇ ಮಾಲೀಕರು ಅಂದುಕೊಂಡು ಅಲ್ಲಿಗೇ ನಿಲ್ಲಿಸಬೇಡಿ. ಸಂಬಳಕ್ಕಿರುವವರೂ ನಿರ್ದೇಶಕರಾಗುತ್ತಾರೆ, ಹೂಡಿಕೆದಾರರ ಪರವಾಗಿ ಕೂರುವವರೂ ನಿರ್ದೇಶಕರಾಗುತ್ತಾರೆ. ಷೇರುದಾರರಿಗಾಗಿ View Public Documents ಭಾಗಕ್ಕೆ ಹೋಗಿ ₹100 ಕಟ್ಟಬೇಕು. ಆಗ ಆ ಒಂದು ಕಂಪನಿಯ ಕಡತಗಳು ಕೆಲವು ಗಂಟೆ ತೆರೆದಿರುತ್ತವೆ. ಆ ಹೊತ್ತಿನಲ್ಲೇ ಬೇಕಾದ್ದನ್ನೆಲ್ಲ ಇಳಿಸಿಕೊಳ್ಳಿ.

ಮೊದಲು ಇಳಿಸಿಕೊಳ್ಳಬೇಕಾದ್ದು MGT-7, ಅಂದರೆ ವಾರ್ಷಿಕ ವಿವರಪಟ್ಟಿ. ಅದರ ಲಗತ್ತಿನಲ್ಲಿ ಷೇರುದಾರರ ಪಟ್ಟಿ ಇರುತ್ತದೆ. ಎರಡನೆಯದು AOC-4, ಅಂದರೆ ಲೆಕ್ಕಪತ್ರ. ಇದರ ಟಿಪ್ಪಣಿಗಳಲ್ಲಿ ಶೇ. 5ಕ್ಕಿಂತ ಜಾಸ್ತಿ ಷೇರು ಇರುವವರ ಹೆಸರು, ಕಂಪನಿಯ ಮೇಲಿನ ಕಂಪನಿಯ ಹೆಸರು, ಸಂಬಂಧಪಟ್ಟವರ ಜತೆಗಿನ ವ್ಯವಹಾರಗಳು ಇರುತ್ತವೆ. ಸಂಬಂಧಪಟ್ಟವರ ಟಿಪ್ಪಣಿಯನ್ನು ತಾಳ್ಮೆಯಿಂದ ಓದಿ. ಡಾಕ್ಟರ್ ಕುಟುಂಬಕ್ಕೆ ಕಂಪನಿ ಪ್ರತಿ ವರ್ಷ ಬಾಡಿಗೆ ಕಟ್ಟುತ್ತಿದೆ ಅಂತ ಅಲ್ಲಿದ್ದರೆ ಕಟ್ಟಡ ಕುಟುಂಬದ ಹೆಸರಿನಲ್ಲೇ ಉಳಿದಿದೆ ಅಂತ ಅರ್ಥ. ಆಸ್ಪತ್ರೆ ಕೈಬದಲಾದ ಮೇಲೂ ಹಳೆಯ ಡಾಕ್ಟರನ್ನು ಜನ ಮಾಲೀಕರು ಅನ್ನುವುದಕ್ಕೆ ಎಷ್ಟೋ ಕಡೆ ಕಾರಣ ಇದೇ.

ಈಗ ಒಂದು ಕಾಲ್ಪನಿಕ ಉದಾಹರಣೆಯನ್ನು ಲೆಕ್ಕದ ಸಮೇತ ನೋಡೋಣ. ಇದರ ರಚನೆ ಮಾತ್ರ ಬಂಡವಾಳ ತೆಗೆದುಕೊಂಡ ಆಸ್ಪತ್ರೆಗಳಲ್ಲಿ ಪದೇ ಪದೇ ಕಾಣುವಂಥದ್ದೇ. ಡಾಕ್ಟರ್ ದಂಪತಿ ಕಟ್ಟಿದ ಒಂದು ಪ್ರೈವೇಟ್ ಲಿಮಿಟೆಡ್ ಆಸ್ಪತ್ರೆ. ಷೇರುದಾರರ ಪಟ್ಟಿಯ ಮೊದಲ ಭಾಗ ತೆಗೆದರೆ ದಂಪತಿಯ ಹೆಸರಿನಲ್ಲಿ 6,00,000 ಈಕ್ವಿಟಿ ಷೇರು, ಅಂದರೆ ಮತದ ಹಕ್ಕಿರುವ ಸಾಮಾನ್ಯ ಷೇರು, ಒಂದು ಹೂಡಿಕೆ ಕಂಪನಿಯ ಹೆಸರಿನಲ್ಲಿ ಬರೀ 100. ಅಂದರೆ ಶೇ. 99.98 ಡಾಕ್ಟರದ್ದೇ. ಇಲ್ಲಿಗೆ ಫೈಲ್ ಮುಚ್ಚಿದವರು ಡಾಕ್ಟರ್ ಮಾಲೀಕತ್ವದ ಆಸ್ಪತ್ರೆ ಅಂತ ಬರೆದುಕೊಳ್ಳುತ್ತಾರೆ.

ಅದೇ ಪಟ್ಟಿಯಲ್ಲಿ ಪ್ರಿಫರೆನ್ಸ್ ಷೇರುಗಳ, ಅಂದರೆ ಲಾಭಾಂಶದಲ್ಲಿ ಮೊದಲ ಹಕ್ಕಿರುವ ಷೇರುಗಳ, ಇನ್ನೊಂದು ಭಾಗ ಇರುತ್ತದೆ. ಅಲ್ಲಿ ಅದೇ ಹೂಡಿಕೆ ಕಂಪನಿಯ ಹೆಸರಿನಲ್ಲಿ 9,00,000 ಷೇರು. ಇವನ್ನು ಸಿಸಿಪಿಎಸ್ ಅನ್ನುತ್ತಾರೆ. ಮುಂದೆ ಒಂದು ದಿನ ಕಡ್ಡಾಯವಾಗಿ ಈಕ್ವಿಟಿಯಾಗಿ ಬದಲಾಗುವ ಪ್ರಿಫರೆನ್ಸ್ ಷೇರುಗಳು ಇವು. ಒಂದಕ್ಕೆ ಒಂದರಂತೆ ಬದಲಾದರೆ ಒಟ್ಟು 15,00,100 ಈಕ್ವಿಟಿ ಆಗುತ್ತದೆ. ಅದರಲ್ಲಿ ದಂಪತಿಯ 6,00,000 ಅಂದರೆ ಶೇ. 40. ಹೂಡಿಕೆದಾರರದ್ದು ಶೇ. 60. ಚಿತ್ರವೇ ತಲೆಕೆಳಗಾಯಿತು, ಅಲ್ವಾ?

ಇನ್ನೂ ಬದಲಾಗಿಲ್ಲವಲ್ಲ, ಈಗ ಮತ ಡಾಕ್ಟರದ್ದೇ ತಾನೇ ಅಂತ ಕೇಳಬಹುದು. ಅದಕ್ಕೆ ಉತ್ತರ ಕಂಪನಿಯ ಆರ್ಟಿಕಲ್ಸ್ ಆಫ್ ಅಸೋಸಿಯೇಷನ್‌ನಲ್ಲಿ, ಅಂದರೆ ಒಳ ನಿಯಮಾವಳಿಯಲ್ಲಿ ಇರುತ್ತದೆ. ಪ್ರೈವೇಟ್ ಕಂಪನಿಗಳು ತಮ್ಮ ನಿಯಮಾವಳಿಯಲ್ಲಿ ಬರೆದುಕೊಂಡರೆ ಪ್ರಿಫರೆನ್ಸ್ ಷೇರುಗಳಿಗೆ ಈಗಲೇ, ಬದಲಾದವೆಂದೇ ಲೆಕ್ಕ ಹಿಡಿದು, ಮತದ ಹಕ್ಕು ಕೊಡಬಹುದು. ಹೂಡಿಕೆ ಬಂದ ಸಮಯದ MGT-14 ಕಡತದಲ್ಲಿ ತಿದ್ದಿದ ನಿಯಮಾವಳಿ ಸಿಗುತ್ತದೆ. ಅದು ನೂರಾರು ಪುಟ ಇರಬಹುದು. ನೋಡಬೇಕಾದ್ದು ಮೂರೇ ವಿಷಯ. ಮತದ ಲೆಕ್ಕ ಹೇಗೆ, ಮಂಡಳಿಗೆ ಎಷ್ಟು ನಿರ್ದೇಶಕರನ್ನು ಯಾರು ನೇಮಿಸುತ್ತಾರೆ, ಹೂಡಿಕೆದಾರರ ಒಪ್ಪಿಗೆ ಇಲ್ಲದೆ ಮಾಡಲಾಗದ ಕೆಲಸಗಳ ಪಟ್ಟಿಯಲ್ಲಿ ಏನೇನಿದೆ. ವರ್ಷದ ಬಜೆಟ್, ಮುಖ್ಯ ಅಧಿಕಾರಿಯ ನೇಮಕ, ಹೊಸ ಶಾಖೆ, ಸಾಲ ಇವೆಲ್ಲ ಆ ಪಟ್ಟಿಯಲ್ಲಿದ್ದರೆ ಶೇಕಡಾವಾರು ಏನೇ ಇರಲಿ, ಡಾಕ್ಟರ್ ಒಬ್ಬರೇ ನಡೆಸುತ್ತಿಲ್ಲ ಎನ್ನುವುದು ಸ್ಪಷ್ಟ. ಕಂಪನಿ ಕಾಯ್ದೆಯೂ ಹಿಡಿತ ಅನ್ನುವುದನ್ನು ಷೇರಿಗೆ ಮಾತ್ರ ಕಟ್ಟಿಹಾಕಿಲ್ಲ. ಮಂಡಳಿಯ ಬಹುಮತವನ್ನು ನೇಮಿಸುವ ಹಕ್ಕು, ಆಡಳಿತದ ನಿರ್ಧಾರಗಳ ಮೇಲಿನ ಹಕ್ಕು ಒಪ್ಪಂದದಿಂದ ಬಂದರೂ ಅದು ಹಿಡಿತವೇ.

ಬದಲಾವಣೆಯ ಅನುಪಾತವನ್ನೂ ನೋಡಿಕೊಳ್ಳಿ. ಅದು ಯಾವಾಗಲೂ ಒಂದಕ್ಕೆ ಒಂದು ಇರಬೇಕೆಂದಿಲ್ಲ. ಕಂಪನಿ ಹೇಳಿದಷ್ಟು ಲಾಭ ಮಾಡದಿದ್ದರೆ ಹೂಡಿಕೆದಾರರಿಗೆ ಜಾಸ್ತಿ ಷೇರು ಅನ್ನುವ ಷರತ್ತು ಇರಬಹುದು. ನಮ್ಮ ಉದಾಹರಣೆಯಲ್ಲಿ ಅದು ಒಂದಕ್ಕೆ ಒಂದೂವರೆ ಆದರೆ ದಂಪತಿಯ ಪಾಲು ಶೇ. 40ರಿಂದ ಸುಮಾರು 31ಕ್ಕೆ ಇಳಿಯುತ್ತದೆ. ಷೇರು ಹಂಚಿಕೆಯ PAS-3 ಕಡತ ಮತ್ತು ನಿಯಮಾವಳಿ ಎರಡನ್ನೂ ಸೇರಿಸಿ ಓದಿದರೆ ಇದು ಗೊತ್ತಾಗುತ್ತದೆ. ಇಡೀ ಹುಡುಕಾಟದಲ್ಲಿ ಜಾಸ್ತಿ ಸಮಯ ಕೊಡಬೇಕಾದ ಜಾಗ ಇದೇ ಅನ್ನುವುದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. MGT-7ರ ಪಟ್ಟಿ ಮಾರ್ಚ್ 31ರ ಸ್ಥಿತಿಯದ್ದು. ವಾರ್ಷಿಕ ಸಭೆಗೆ ಆರು ತಿಂಗಳು, ಅದರ ಮೇಲೆ ಸಲ್ಲಿಕೆಗೆ 60 ದಿನ ಸಮಯ ಇದೆ. ಹಾಗಾಗಿ ನೀವು ನೋಡುತ್ತಿರುವುದು ಒಂದೂವರೆ ವರ್ಷ ಹಳೆಯ ಚಿತ್ರವಾಗಿರಬಹುದು. ನಡುವೆ ಹೊಸ ಷೇರು ಹಂಚಿದ್ದರೆ PAS-3ರಲ್ಲಿ ಕಾಣುತ್ತದೆ. ಇದ್ದ ಷೇರುಗಳನ್ನೇ ಡಾಕ್ಟರ್ ಮಾರಿದ್ದರೆ ಮುಂದಿನ MGT-7 ಬರುವವರೆಗೆ ಆ ಜಾಲತಾಣದಲ್ಲಿ ನೇರವಾಗಿ ಕಾಣುವುದಿಲ್ಲ. ಆಗ ನಿರ್ದೇಶಕರ ಬದಲಾವಣೆಯ DIR-12 ಕಡತಗಳನ್ನು ನೋಡಿ. ಹಳೆಯ ನಿರ್ದೇಶಕರು ಒಟ್ಟಿಗೇ ರಾಜೀನಾಮೆ ಕೊಟ್ಟು, ಅದೇ ದಿನ ಹೊಸಬರು ಬಂದಿದ್ದರೆ ಮಾರಾಟ ನಡೆದಿರುವ ಸಾಧ್ಯತೆ ಬಲವಾಗಿದೆ.

ಮೇಲಿನ ಮೆಟ್ಟಿಲಿಗೆ ಬರೋಣ. ಷೇರುದಾರ ಇನ್ನೊಂದು ಕಂಪನಿಯಾದರೆ ಅದಕ್ಕೂ ಇದೇ ಕೆಲಸ ಮತ್ತೆ ಮಾಡಬೇಕು. ಇದಕ್ಕೆ ಎಲ್ಲರೂ ನೋಡಬಹುದಾದ ಒಳ್ಳೆಯ ಉದಾಹರಣೆ ಥೈರೋಕೇರ್. ವೇಲುಮಣಿ ಅವರು ಕಟ್ಟಿದ ಈ ಲ್ಯಾಬ್ ಕಂಪನಿ ಇಂದಿಗೂ ಅವರ ಹೆಸರಿನೊಂದಿಗೇ ಜನರ ಮನಸ್ಸಿನಲ್ಲಿದೆ. 2021ರ ಜೂನ್‌ನಲ್ಲಿ ಅವರ ಕಡೆಯ ಶೇ. 66.1ರಷ್ಟು ಪಾಲನ್ನು ಷೇರಿಗೆ ₹1,300ರಂತೆ, ಒಟ್ಟು ₹4,546 ಕೋಟಿಗೆ ಕೊಳ್ಳುವುದಾಗಿ ಎಪಿಐ ಹೋಲ್ಡಿಂಗ್ಸ್ ಪ್ರಕಟಿಸಿತು. ಆನ್‌ಲೈನ್ ಔಷಧಿ ಮಾರುವ ಫಾರ್ಮ್‌ಈಸಿಯ ಮೂಲ ಕಂಪನಿ ಅದು. ಆದರೆ ಷೇರುಗಳು ಬಂದಿದ್ದು ಎಪಿಐ ಹೆಸರಿಗಲ್ಲ, ಅದರ ಅಂಗ ಕಂಪನಿ ಡೋಕಾನ್ ಟೆಕ್ನಾಲಜೀಸ್ ಹೆಸರಿಗೆ.

ಥೈರೋಕೇರ್ ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿ. ಹಾಗಾಗಿ ಪ್ರತಿ ಮೂರು ತಿಂಗಳಿಗೊಮ್ಮೆ ಷೇರುದಾರಿಕೆಯ ವಿವರವನ್ನು ಷೇರುಪೇಟೆಗೆ ಕೊಡಬೇಕು. ಬಿಎಸ್‌ಇ, ಎನ್‌ಎಸ್‌ಇ ಜಾಲತಾಣದಲ್ಲಿ Shareholding Pattern ತೆರೆದರೆ ಪ್ರವರ್ತಕರ, ಅಂದರೆ ಕಂಪನಿಯನ್ನು ಹಿಡಿತದಲ್ಲಿ ಇಟ್ಟುಕೊಂಡವರ ಸಾಲಿನಲ್ಲಿ ಡೋಕಾನ್ ಹೆಸರು ಕಾಣುತ್ತದೆ. ಆ ಷೇರುಗಳನ್ನು ಸಾಲಕ್ಕೆ ಅಡವಿಟ್ಟಿದ್ದರೆ ಅದೂ ಅದೇ ಪಟ್ಟಿಯಲ್ಲಿ ಇರುತ್ತದೆ. ಅಡವಿನ ಕಾಲಂ ಅನ್ನು ಯಾರೂ ನೋಡುವುದಿಲ್ಲ, ಆದರೆ ನೋಡಬೇಕು. ಸಾಲ ತೀರದಿದ್ದರೆ ಮುಂದಿನ ಮಾಲೀಕರು ಯಾರಾಗಬಹುದು ಅನ್ನುವ ಸುಳಿವು ಅಲ್ಲಿದೆ.

ಡೋಕಾನ್‌ನಿಂದ ಎಪಿಐ ಹೋಲ್ಡಿಂಗ್ಸ್‌ಗೆ ಹತ್ತಿದೆವು. ಅದರ ಮೇಲೆ ಯಾರು? ಎಪಿಐ 2021ರ ನವೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಗೆ ಸಲ್ಲಿಸಿದ, ಸಾರ್ವಜನಿಕರಿಗೆ ಷೇರು ಮಾರುವ ಪ್ರಸ್ತಾವದ ಕರಡು ಪತ್ರದಲ್ಲಿ ತನಗೆ ಗುರುತಿಸಬಹುದಾದ ಪ್ರವರ್ತಕರೇ ಇಲ್ಲ, ವೃತ್ತಿಪರರು ನಡೆಸುವ ಕಂಪನಿ ಅಂತ ಹೇಳಿಕೊಂಡಿತ್ತು. ಪ್ರೋಸಸ್, ಟೆಮಾಸೆಕ್, ಟಿಪಿಜಿಯಂಥ ಹೂಡಿಕೆದಾರರು ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಪಾಲು ಹೊಂದಿದ್ದರು, ಒಬ್ಬರದ್ದೂ ಬಹುಮತವಲ್ಲ. ಅಂದರೆ ಲ್ಯಾಬ್‌ನ ಮಾಲೀಕರು ಯಾರು ಅನ್ನುವ ಪ್ರಶ್ನೆಗೆ ಒಬ್ಬ ಮನುಷ್ಯನ ಹೆಸರು ಉತ್ತರವಾಗಿ ಸಿಗಲಿಲ್ಲ. ಹುಡುಕಾಟ ಸೋತಿತು ಅಂತ ಇದರ ಅರ್ಥವಲ್ಲ. ಹರಡಿಹೋದ ಮಾಲೀಕತ್ವವೂ ಒಂದು ಸರಿಯಾದ ಉತ್ತರ, ಅದನ್ನು ಹಾಗೆಯೇ ಬರೆದಿಡಬೇಕು.

ಮನುಷ್ಯರ ಹೆಸರು ತಲುಪಲೆಂದೇ ಕಾನೂನು ಒಂದು ದಾರಿ ಮಾಡಿದೆ. ಕಂಪನಿ ಕಾಯ್ದೆಯ 90ನೇ ಸೆಕ್ಷನ್ ಪ್ರಕಾರ ಮೆಟ್ಟಿಲುಗಳ ಮೂಲಕ ಒಟ್ಟು ಶೇ. 10 ಅಥವಾ ಜಾಸ್ತಿ ಪಾಲು ಇರುವ ವ್ಯಕ್ತಿ, ಅಥವಾ ಪರೋಕ್ಷವಾಗಿ ಹಿಡಿತ ಇರುವ ವ್ಯಕ್ತಿ, ತಾನು ನಿಜವಾದ ಫಲಾನುಭವಿ ಮಾಲೀಕ ಅಂತ ಕಂಪನಿಗೆ ಹೇಳಬೇಕು. ಕಂಪನಿ ಅದನ್ನು BEN-2 ನಮೂನೆಯಲ್ಲಿ 30 ದಿನದೊಳಗೆ ಸರ್ಕಾರಕ್ಕೆ ಸಲ್ಲಿಸಬೇಕು. ಕಡತಗಳಲ್ಲಿ ಈ ನಮೂನೆ ಸಿಕ್ಕರೆ ಅದೃಷ್ಟ. ಆದರೆ ಇದಕ್ಕೆ ಮಿತಿಗಳಿವೆ. ಸೆಬಿಯಲ್ಲಿ ನೋಂದಾಯಿಸಿದ ಹೂಡಿಕೆ ನಿಧಿಗಳ ಪಾಲಿಗೆ ಈ ನಿಯಮ ಅನ್ವಯವಾಗುವುದಿಲ್ಲ. ವಿದೇಶಿ ನಿಧಿಯಾದರೆ ಅದಕ್ಕೆ ದುಡ್ಡು ಹಾಕಿದವರ ಬದಲು ನಿಧಿ ನಿರ್ವಹಿಸುವ ಸಂಸ್ಥೆಯ ಮುಖ್ಯಸ್ಥರ ಹೆಸರು ಬರೆದಿರಬಹುದು. ಆ ಹೆಸರು ಹಿಡಿತ ಯಾರದ್ದು ಅನ್ನುವುದನ್ನು ಹೇಳುತ್ತದೆ, ಲಾಭ ಕೊನೆಗೆ ಯಾರಿಗೆ ಅನ್ನುವುದನ್ನು ಹೇಳುವುದಿಲ್ಲ. ಕಂಪನಿ ಇಟ್ಟುಕೊಳ್ಳುವ ಫಲಾನುಭವಿ ಮಾಲೀಕರ ಪುಸ್ತಕವನ್ನು ನೋಡುವ ಹಕ್ಕು ಕಾನೂನು ಕೊಟ್ಟಿರುವುದು ಷೇರುದಾರರಿಗೆ, ಹೊರಗಿನವರಿಗಲ್ಲ.

ದೇಶದ ಗಡಿ ದಾಟಿದ ಮೇಲೆ ಆಯಾ ದೇಶದ ನಿಯಮ. ಸಿಂಗಾಪುರದ ಕಂಪನಿ ನೋಂದಣಿ ಜಾಲತಾಣದಲ್ಲಿ ಶುಲ್ಕ ಕಟ್ಟಿದರೆ ಷೇರುದಾರರ ಹೆಸರು ಸಿಗುತ್ತದೆ, ಅವರ ಹಿಂದಿರುವ ನಿಯಂತ್ರಕರ ಪಟ್ಟಿ ಸಾರ್ವಜನಿಕವಲ್ಲ. ದೊಡ್ಡ ವ್ಯವಹಾರಗಳಲ್ಲಿ ಮಾತ್ರ ಮಾಹಿತಿ ತಾನಾಗಿಯೇ ಹೊರಬರುತ್ತದೆ. 2023ರಲ್ಲಿ ಮಣಿಪಾಲ್ ಆಸ್ಪತ್ರೆಗಳ ಕಂಪನಿಯಲ್ಲಿ ಟೆಮಾಸೆಕ್ ತನ್ನ ಪಾಲನ್ನು ಶೇ. 59ಕ್ಕೆ ಏರಿಸಿಕೊಂಡಾಗ ಅವರೇ ಅದನ್ನು ಪ್ರಕಟಿಸಿದರು. ಸ್ಥಾಪಕ ಕುಟುಂಬದ ಬಳಿ ಸುಮಾರು ಶೇ. 30 ಉಳಿಯಿತು. ಬೋರ್ಡಿನ ಹೆಸರು ಬದಲಾಗಲಿಲ್ಲ. ಟೆಮಾಸೆಕ್ ಸಿಂಗಾಪುರ ಸರ್ಕಾರದ ಒಡೆತನದ ಹೂಡಿಕೆ ಕಂಪನಿ, ಹಾಗಾಗಿ ಅಲ್ಲಿ ಮೆಟ್ಟಿಲು ಮುಗಿಯುವುದು ಒಂದು ಸರ್ಕಾರದ ಹಣಕಾಸು ಇಲಾಖೆಯಲ್ಲಿ.

ಇಷ್ಟು ಗೊತ್ತಾದ ಮೇಲೆ ದೂರು ಅಥವಾ ನೋಟಿಸ್ ಯಾರಿಗೆ ಕಳಿಸಬೇಕು? ಮೇಲಿನ ನಿಧಿಗೆ ಅಲ್ಲ. ಕಾನೂನಿನ ಕಣ್ಣಿನಲ್ಲಿ ಕಂಪನಿಯೇ ಒಬ್ಬ ಪ್ರತ್ಯೇಕ ವ್ಯಕ್ತಿ, ಅದರ ತಪ್ಪಿಗೆ ಷೇರುದಾರರು ಸಾಮಾನ್ಯವಾಗಿ ಹೊಣೆಯಲ್ಲ. ಬಿಲ್ ಕೊಟ್ಟ ಸಂಸ್ಥೆಯನ್ನು ಅದರ ಕಾನೂನುಬದ್ಧ ಹೆಸರಿನಲ್ಲಿ, ನೋಂದಾಯಿತ ಕಚೇರಿಯ ವಿಳಾಸಕ್ಕೆ ಕರೆಯಬೇಕು. ಲೈಸೆನ್ಸ್ ಬೇರೆಯವರ ಹೆಸರಿನಲ್ಲಿದ್ದರೆ ಅವರನ್ನೂ ಸೇರಿಸಬೇಕು. ಚಿಕಿತ್ಸೆ ಕೊಟ್ಟ ಡಾಕ್ಟರ್ ಹೆಸರು ಗೊತ್ತಿಲ್ಲದಿದ್ದರೂ ದೂರು ಬಿದ್ದುಹೋಗುವುದಿಲ್ಲ. ಆಸ್ಪತ್ರೆಯನ್ನು ಮಾತ್ರ ಪ್ರತಿವಾದಿ ಮಾಡಿದರೂ ದೂರು ನಡೆಯುತ್ತದೆ ಅಂತ 2004ರಲ್ಲಿ ಸುಪ್ರೀಂ ಕೋರ್ಟ್ ನ್ಯಾಷನಲ್ ಹಾರ್ಟ್ ಇನ್‌ಸ್ಟಿಟ್ಯೂಟ್ ಪ್ರಕರಣದಲ್ಲಿ ಹೇಳಿದೆ.

ಬಿಲ್ಲಿನ ದಿನಾಂಕವನ್ನೂ ಮರೆಯಬೇಡಿ. ಚಿಕಿತ್ಸೆಯಾದ ಮೇಲೆ ಕಂಪನಿ ಬರೀ ಹೆಸರು ಬದಲಿಸಿದ್ದರೆ ಅದು ಅದೇ ಕಂಪನಿ, ಹೊಣೆಯೂ ಅದರದ್ದೇ. ಇನ್ನೊಂದರಲ್ಲಿ ವಿಲೀನವಾಗಿದ್ದರೆ ಹಳೆಯ ಹೊಣೆ ಸಾಮಾನ್ಯವಾಗಿ ಹೊಸ ಕಂಪನಿಗೆ ಹೋಗುತ್ತದೆ, ವಿಲೀನದ ಆದೇಶದಲ್ಲಿ ಅದನ್ನು ಬರೆದಿರುತ್ತಾರೆ. ಷೇರು ಮಾತ್ರ ಕೈಬದಲಾಗಿದ್ದರೆ ಕಂಪನಿಯ ಹೊಣೆ ಎಲ್ಲೂ ಹೋಗುವುದಿಲ್ಲ. ಆದರೆ ಕಂಪನಿಯನ್ನು ಹಾಗೇ ಬಿಟ್ಟು ಆಸ್ಪತ್ರೆಯ ವ್ಯವಹಾರವನ್ನು ಮಾತ್ರ ಮಾರಿದ್ದರೆ ಹಳೆಯ ಬಾಕಿ ಮಾರಿದವರ ಬಳಿಯೇ ಉಳಿದಿರಬಹುದು. ಆಗ ಅದೇ ಕಟ್ಟಡ, ಅದೇ ಬೋರ್ಡ್ ಇದ್ದರೂ ನೋಟಿಸ್ ಹೋಗಬೇಕಾದ್ದು ಬೇರೆ ವಿಳಾಸಕ್ಕೆ.